ಫೈನ್‌ಮನ್ ಚಿತ್ರವನ್ನು ಬರೆಯುವುದು ಮತ್ತು ಓದುವುದು ಹೇಗೆ? ಭಾಭಾ ಚದುರಿಕೆಯ ಉದಾಹರಣೆ

ಒಂದು ಎಲೆಕ್ಟ್ರಾನ್ ಮತ್ತು ಅದರ ಧನಾವೇಶದ ಪ್ರತಿಕಣವಾದ ಒಂದು ಪಾಸಿಟ್ರಾನ್ ಎದುರುಬದುರಾಗಿ ಬಂದು, ಮತ್ತೆ ಎಲೆಕ್ಟ್ರಾನ್ ಹಾಗೂ ಪಾಸಿಟ್ರಾನ್‌ಗಳಾಗಿಯೇ ಬೇರೆ ದಿಕ್ಕುಗಳಿಗೆ ಹೊರಟುಹೋಗುವ ಕ್ರಿಯೆಗೆ ಭಾಭಾ ಚದುರಿಕೆ ಎಂದು ಹೆಸರು. ಹೋಮಿ ಭಾಭಾ ಅವರು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದಾಗ ಮಾಡಿದ ಈ ಲೆಕ್ಕಾಚಾರವು 1936ರಲ್ಲಿ ಪ್ರಕಟವಾಯಿತು. ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿದ್ದು ಅದಾದ ಮೇಲೆ, ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ. ರಿಚರ್ಡ್ ಫೈನ್‌ಮನ್ ಕಣಗಳ ಕ್ರಿಯೆಯ ಲೆಕ್ಕವನ್ನು ರೇಖೆಗಳಲ್ಲಿ ಬರೆಯುವ ತಮ್ಮ ಚಿತ್ರಗಳನ್ನು ಪ್ರಕಟಿಸಿದ್ದು 1949ರಲ್ಲಿ; ಹಾಗಾಗಿ ಭಾಭಾ ಅವರ ಕೈಯಲ್ಲಿ ಈ ಸಾಧನ ಇರಲಿಲ್ಲ. ಅವರು ಬೀಜಗಣಿತದಿಂದಲೇ ಗುರುತಿಸಿದ ಎರಡು ಪದಗಳನ್ನು ಇಂದು ಎರಡು ಸಣ್ಣ ಚಿತ್ರಗಳಾಗಿ ಬರೆಯಬಹುದು. ಬಾಣ, ಕಾಲದ ದಿಕ್ಕು ಮತ್ತು ಮಿಥ್ಯಾ ಕಣ, ಇವು ಮೂರೂ ಒಟ್ಟಿಗೆ ಎದುರಾಗುವ ಅತಿ ಸರಳ ಉದಾಹರಣೆ ಇದೇ ಆಗಿರುವುದರಿಂದ ಇದನ್ನೇ ಹಂತಹಂತವಾಗಿ ಬರೆದು ನೋಡೋಣ.

ಕಾಲದ ಅಕ್ಷ ಮತ್ತು ಹೊರತುದಿಗಳು

ರೇಖೆ ಎಳೆಯುವ ಮೊದಲು ಹಾಳೆಯ ಕೆಳಗೆ ಎಡದಿಂದ ಬಲಕ್ಕೆ ಒಂದು ಬಾಣ ಎಳೆದು ‘ಕಾಲ’ ಎಂದು ಬರೆಯಿರಿ. ಫೈನ್‌ಮನ್ ಅವರ 1949ರ ಲೇಖನದಲ್ಲಿ ಕಾಲವು ಕೆಳಗಿನಿಂದ ಮೇಲಕ್ಕೆ ಸಾಗುತ್ತದೆ, ಈಗಿನ ಅನೇಕ ಪಠ್ಯಗಳಲ್ಲಿ ಎಡದಿಂದ ಬಲಕ್ಕೆ. ಎರಡೂ ಸರಿಯೇ, ಆದರೆ ಅಕ್ಷವನ್ನು ಗುರುತಿಸದ ಚಿತ್ರವನ್ನು ಓದಲು ಹೊರಟರೆ ಒಂದೇ ಚಿತ್ರ ಎರಡು ಬೇರೆ ಕ್ರಿಯೆಗಳಂತೆ ಕಾಣಿಸುತ್ತದೆ.

ಅನಂತರ ಹಾಳೆಯ ಎಡ ಅಂಚಿನಲ್ಲಿ ಎರಡು ಚುಕ್ಕೆಗಳನ್ನು ಇಟ್ಟು, ಮೇಲಿನದಕ್ಕೆ ಎಲೆಕ್ಟ್ರಾನ್, ಕೆಳಗಿನದಕ್ಕೆ ಪಾಸಿಟ್ರಾನ್ ಎಂದು ಹೆಸರು ಕೊಡಿ. ಬಲ ಅಂಚಿನಲ್ಲೂ ಹಾಗೆಯೇ ಮಾಡಿ. ಈ ನಾಲ್ಕು ತುದಿಗಳು ಪ್ರಯೋಗಾಲಯಕ್ಕೆ ಸೇರಿದವು: ಎಡಗಡೆಯವನ್ನು ನಾವು ಸಿದ್ಧಪಡಿಸಿ ಕಳುಹಿಸುತ್ತೇವೆ, ಬಲಗಡೆಯವು ಸಂವೇದಕಗಳಲ್ಲಿ ದಾಖಲಾಗುತ್ತವೆ. ಇನ್ನು ಮುಂದೆ ಇವನ್ನು ಅಲುಗಾಡಿಸುವಂತಿಲ್ಲ. ಒಳಗಿನ ರೇಖೆಗಳನ್ನು ಮಾತ್ರ ಹೇಗೆ ಬೇಕಾದರೂ ಎಳೆದಾಡಬಹುದು.

ಒಂದೇ ಬಗೆಯ ಶೃಂಗ

ಎಲೆಕ್ಟ್ರಾನು, ಪಾಸಿಟ್ರಾನು ಮತ್ತು ಫೋಟಾನುಗಳ ಸಿದ್ಧಾಂತದಲ್ಲಿ ಇರುವುದು ಒಂದೇ ಬಗೆಯ ಶೃಂಗ. ಅಲ್ಲಿ ಬಾಣವುಳ್ಳ ಒಂದು ನೇರ ರೇಖೆ ಒಳಬರುತ್ತದೆ, ಬಾಣವುಳ್ಳ ಇನ್ನೊಂದು ನೇರ ರೇಖೆ ಹೊರಹೋಗುತ್ತದೆ, ಒಂದು ಅಲೆಅಲೆಯಾದ ಫೋಟಾನ್ ರೇಖೆ ಬಂದು ಸೇರುತ್ತದೆ. ಬಾಣಗಳೆರಡೂ ಶೃಂಗದ ಕಡೆಗೇ ಮುಖ ಮಾಡಿದ್ದರೆ ಆವೇಶ ಸಂರಕ್ಷಣೆ ಕೆಡುತ್ತದೆ, ಆ ಚಿತ್ರ ತಪ್ಪು. ನೇರ ರೇಖೆಯ ಮೇಲೆ ಪೆನ್ಸಿಲ್ ಇಟ್ಟು ಬಾಣದ ದಿಕ್ಕಿನಲ್ಲೇ ಸಾಗಿದಾಗ, ಎಲ್ಲಿಯೂ ಎದುರು ಬಾಣ ಸಿಗದೆ ಹಾಳೆಯ ಒಂದು ಹೊರತುದಿಯಿಂದ ಇನ್ನೊಂದು ಹೊರತುದಿಗೆ ತಲುಪಬೇಕು. ಇದಕ್ಕಿಂತ ಸುಲಭವಾದ ಪರೀಕ್ಷೆ ಇನ್ನೊಂದಿಲ್ಲ.

ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಪಾಸಿಟ್ರಾನಿನ ಬಾಣದಲ್ಲಿ. ಎಲೆಕ್ಟ್ರಾನಿನ ಬಾಣ ಕಾಲದ ದಿಕ್ಕಿಗೆ ಇರುತ್ತದೆ, ಪಾಸಿಟ್ರಾನಿನ ಬಾಣ ಅದಕ್ಕೆ ವಿರುದ್ಧವಾಗಿ ಇರುತ್ತದೆ. ಎಡ ಅಂಚಿನಿಂದ ಬರುವ ಪಾಸಿಟ್ರಾನಿನ ರೇಖೆಯ ಮೇಲಿನ ಬಾಣವು ಎಡಕ್ಕೇ, ಅಂದರೆ ಅದು ಬಂದ ಕಡೆಗೇ, ಮುಖ ಮಾಡಿರುತ್ತದೆ. ಹಾಗೆಂದು ಆ ಕಣ ಭೂತಕಾಲಕ್ಕೆ ಓಡುತ್ತಿದೆ ಎಂದು ಪ್ರಯೋಗಾಲಯದಲ್ಲಿ ಯಾರೂ ಕಾಣುವುದಿಲ್ಲ. ಬಾಣವು ಋಣಾವೇಶದ ಲೆಕ್ಕವನ್ನು ಹೇಳುತ್ತದೆಯೇ ಹೊರತು ಕಣದ ಚಲನೆಯನ್ನಲ್ಲ. ಎರಡೂ ಕಣಗಳು ತಲಾ 5 GeV ಶಕ್ತಿಯೊಂದಿಗೆ ಬಂದು ಒಂದು ಶೃಂಗದಲ್ಲಿ ಸೇರುತ್ತವೆ ಎನ್ನಿ. ಶೃಂಗಕ್ಕೆ ಬಂದ ಒಟ್ಟು ಶಕ್ತಿ 10 GeV. ಬಾಣವನ್ನು ನೋಡಿ ಪಾಸಿಟ್ರಾನಿನ ಶಕ್ತಿ ‘ಹೊರಹೋಗುತ್ತಿದೆ’ ಎಂದು ಕಳೆದುಬಿಟ್ಟರೆ ಉತ್ತರ ಸೊನ್ನೆಯಾಗುತ್ತದೆ, ಅಲ್ಲಿಂದ ಮುಂದಿನ ಲೆಕ್ಕವೆಲ್ಲ ಹಾಳು. ಆದ್ದರಿಂದ ಆವೇಶದ ಬಾಣವನ್ನು ರೇಖೆಯ ಮೇಲೆಯೂ, ಸಂವೇಗದ ದಿಕ್ಕನ್ನು ರೇಖೆಯ ಪಕ್ಕದಲ್ಲಿ ಬೇರೊಂದು ಚಿಕ್ಕ ಬಾಣವಾಗಿಯೂ ಬರೆಯುವುದು ಒಳ್ಳೆಯದು.

ಈಗ ನಾಲ್ಕು ತುದಿಗಳನ್ನು ಎರಡು ಶೃಂಗಗಳಿಂದ ಜೋಡಿಸಿ. ಒಂದು ಶೃಂಗ ಸಾಲದು ಎಂಬುದು ಸ್ಪಷ್ಟ: ನೇರ ರೇಖೆಯ ತುದಿಗಳು ನಾಲ್ಕಿವೆ, ಒಂದು ಶೃಂಗದಲ್ಲಿ ಹಿಡಿಯುವುದು ಎರಡು ಮಾತ್ರ. ಜೋಡಿಸುವ ದಾರಿಗಳೂ ಎರಡೇ. ಮೊದಲನೆಯದರಲ್ಲಿ ಒಳಬಂದ ಎಲೆಕ್ಟ್ರಾನಿನ ರೇಖೆಯು ಮೇಲಿನ ಶೃಂಗದ ಮೂಲಕ ಹೊರಹೋಗುವ ಎಲೆಕ್ಟ್ರಾನಿನ ತುದಿಯನ್ನು ಸೇರುತ್ತದೆ, ಪಾಸಿಟ್ರಾನಿನ ರೇಖೆ ಕೆಳಗಿನ ಶೃಂಗದ ಮೂಲಕ ಹಾಯುತ್ತದೆ, ನಡುವೆ ಒಂದು ಫೋಟಾನ್ ರೇಖೆ ಎರಡನ್ನೂ ಬೆಸೆಯುತ್ತದೆ. ಇದು ವಿನಿಮಯ ಚಿತ್ರ. ಎರಡನೆಯದರಲ್ಲಿ ಒಳಬಂದ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ರೇಖೆಗಳು ಎಡ ಶೃಂಗದಲ್ಲಿ ಒಂದಕ್ಕೊಂದು ಸೇರಿ ಮುಗಿಯುತ್ತವೆ, ಫೋಟಾನ್ ರೇಖೆ ಬಲಕ್ಕೆ ಸಾಗುತ್ತದೆ, ಬಲ ಶೃಂಗದಿಂದ ಹೊಸ ಜೋಡಿ ಹೊರಡುತ್ತದೆ. ಇದು ವಿನಾಶ ಚಿತ್ರ. ಹಾಳೆಯನ್ನು ಕಾಲುಸುತ್ತು ತಿರುಗಿಸಿದರೆ ಒಂದು ಇನ್ನೊಂದರಂತೆಯೇ ಕಾಣುತ್ತದೆ ನಿಜ, ಆದರೆ ತುದಿಗಳನ್ನು ಅಲುಗಾಡಿಸುವಂತಿಲ್ಲ ಎಂಬ ನಿಯಮದಿಂದಾಗಿ ಇವು ಎರಡು ಬೇರೆ ಚಿತ್ರಗಳು, ಎರಡನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು.

ಒಳಗಿನ ರೇಖೆಯಲ್ಲಿ ಕಾಲ ಎಲ್ಲಿದೆ?

ವಿನಿಮಯ ಚಿತ್ರದ ಫೋಟಾನ್ ರೇಖೆಯನ್ನು ನೆಟ್ಟಗೆ ಲಂಬವಾಗಿ ಎಳೆದರೆ, ಫೋಟಾನ್ ಒಂದು ಕ್ಷಣವೂ ತಗುಲದೆ ಅತ್ತಿಂದಿತ್ತ ಜಿಗಿಯಿತು ಎಂದು ಓದಬೇಕೆನಿಸುತ್ತದೆ. ಅದರ ಕೆಳತುದಿಯನ್ನು ಸ್ವಲ್ಪ ಬಲಕ್ಕೆ ವಾಲಿಸಿದರೆ ಎಲೆಕ್ಟ್ರಾನ್ ಮೊದಲು ಕಳುಹಿಸಿ ಪಾಸಿಟ್ರಾನ್ ಆಮೇಲೆ ಪಡೆಯಿತು ಎಂದೂ, ಎಡಕ್ಕೆ ವಾಲಿಸಿದರೆ ಅದರ ವಿಪರ್ಯಾಸವೆಂದೂ ತೋರುತ್ತದೆ. ಈ ಮೂರೂ ಓದುಗಳು ತಪ್ಪು. ಫೈನ್‌ಮನ್ ಅವರ ನಿಯಮದಲ್ಲಿ ಪ್ರತಿ ಶೃಂಗದ ಕಾಲ ಮತ್ತು ಸ್ಥಾನಗಳ ಎಲ್ಲ ಸಾಧ್ಯ ಬೆಲೆಗಳ ಮೇಲೂ ಸಂಕಲನ ಮಾಡಲಾಗುತ್ತದೆ. ಯಾವ ಶೃಂಗ ಮೊದಲು ಎಂಬ ಎರಡೂ ಕ್ರಮಗಳು ಒಂದೇ ರೇಖೆಯಲ್ಲಿ ಅಡಗಿವೆ. ಹಳೆಯ ವಿಧಾನದಲ್ಲಿ ಇವೆರಡನ್ನು ಬೇರೆಬೇರೆ ಪದಗಳಾಗಿ ಬರೆದು ಕೂಡಿಸಬೇಕಿತ್ತು. ಕಾಲದ ಅಕ್ಷವು ಹೊರತುದಿಗಳಲ್ಲಿ ಯಾವುದು ಒಳಬಂದದ್ದು, ಯಾವುದು ಹೊರಹೋದದ್ದು ಎಂಬುದನ್ನು ಹೇಳಿ ತನ್ನ ಕೆಲಸ ಮುಗಿಸುತ್ತದೆ. ಒಳರೇಖೆಯ ಉದ್ದ, ಓರೆ, ಬಾಗುಗಳಿಗೆ ಯಾವ ಅರ್ಥವೂ ಇಲ್ಲ.

ಮಿಥ್ಯಾ ಕಣದ ಲೆಕ್ಕ

ಎರಡೂ ತುದಿಗಳು ಶೃಂಗಗಳಲ್ಲೇ ಮುಗಿಯುವ ರೇಖೆಯನ್ನು ಮಿಥ್ಯಾ ಕಣ ಎನ್ನುತ್ತೇವೆ. ಅದು ಅಲ್ಪಕಾಲಕ್ಕೆ ಶಕ್ತಿಯನ್ನು ಸಾಲ ಪಡೆದು ಹುಟ್ಟುತ್ತದೆ ಎಂಬ ಜನಪ್ರಿಯ ವಿವರಣೆಯನ್ನು ಬಿಟ್ಟುಬಿಡುವುದೇ ಲೇಸು, ಏಕೆಂದರೆ ಈ ಚಿತ್ರಗಳಲ್ಲಿ ಪ್ರತಿ ಶೃಂಗದಲ್ಲೂ ಶಕ್ತಿ ಮತ್ತು ಸಂವೇಗ ಎರಡೂ ಪೂರ್ತಿಯಾಗಿ ಉಳಿಯುತ್ತವೆ. ಬೆಳಕಿನ ವೇಗವನ್ನು 1 ಎಂದು ಇಟ್ಟುಕೊಂಡರೆ ನಿಜ ಕಣವೊಂದಕ್ಕೆ E² − p² = m² ಆಗಿರಬೇಕು. ಮಿಥ್ಯಾ ಕಣ ಮುರಿಯುವುದು ಈ ಸಂಬಂಧವನ್ನು ಮಾತ್ರ.

ವಿನಾಶ ಚಿತ್ರದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ತಲಾ 5 GeV ಶಕ್ತಿಯ ಕಣಗಳು ನೇರ ಎದುರಾಗಿ ಬಂದರೆ ಒಟ್ಟು ಶಕ್ತಿ 10 GeV, ಒಟ್ಟು ಸಂವೇಗ ಸೊನ್ನೆ. ಆದ್ದರಿಂದ ಫೋಟಾನ್ ರೇಖೆಯ E² − p², ಇದನ್ನು q² ಎಂದು ಬರೆಯೋಣ, q² = 10² − 0 = 100 GeV². ನಿಜವಾದ ಫೋಟಾನಿಗೆ ಈ ಬೆಲೆ ಸೊನ್ನೆಯಾಗಿರಬೇಕಿತ್ತು. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಕೂಡಿ ಒಂದೇ ಒಂದು ನಿಜ ಫೋಟಾನ್ ಆಗಲು ಸಾಧ್ಯವಿಲ್ಲದಿರುವುದಕ್ಕೂ ಕಾರಣ ಇದೇ.

ವಿನಿಮಯ ಚಿತ್ರದಲ್ಲಿ ಎಲೆಕ್ಟ್ರಾನ್ 5 GeV ಹೊತ್ತು ಬಂದು 5 GeV ಹೊತ್ತೇ ಹೋಗುತ್ತದೆ, ದಿಕ್ಕು ಮಾತ್ರ ಬದಲಾಗುತ್ತದೆ. ಹಾಗಾಗಿ ಫೋಟಾನ್ ರೇಖೆ ಶಕ್ತಿಯನ್ನೇ ಸಾಗಿಸುವುದಿಲ್ಲ, ಸಂವೇಗವನ್ನು ಮಾತ್ರ ಸಾಗಿಸುತ್ತದೆ. ಎಲೆಕ್ಟ್ರಾನಿನ ದ್ರವ್ಯರಾಶಿಯನ್ನು ಕಡೆಗಣಿಸಿದರೆ q² = −2E²(1 − cos θ). ಚದುರಿಕೆಯ ಕೋನ 90° ಆದಾಗ ಇದು −50 GeV². ವರ್ಗದಂತೆ ಬರೆದ ರಾಶಿಯೊಂದು ಋಣವಾಗಿರುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಸಂವೇಗದ ಪಾಲು ಶಕ್ತಿಯ ಪಾಲನ್ನು ಮೀರಿದೆ ಎಂದಷ್ಟೇ ಅದರ ಅರ್ಥ.

ಪ್ರತಿ ಚಿತ್ರದ ಆಂಪ್ಲಿಟ್ಯೂಡ್‌ಗೆ ಒಳರೇಖೆಯು 1/q² ಎಂಬ ಗುಣಕವನ್ನು ಕೊಡುತ್ತದೆ; ಆಂಪ್ಲಿಟ್ಯೂಡ್ ಎಂದರೆ ವರ್ಗ ಮಾಡಿದಾಗ ಕ್ರಿಯೆಯ ಸಂಭಾವ್ಯತೆಯನ್ನು ಕೊಡುವ ಸಂಖ್ಯೆ. ಕೋನವನ್ನು 10°ಗೆ ಇಳಿಸಿ ನೋಡಿ: ವಿನಿಮಯದ q² ಸುಮಾರು −0.76 GeV² ಆಗಿ ಸೊನ್ನೆಗೆ ಹತ್ತಿರ ಸರಿಯುತ್ತದೆ, ವಿನಾಶದ q² ಮಾತ್ರ 100ರಲ್ಲೇ ನಿಂತಿರುತ್ತದೆ. ಸಣ್ಣ ಕೋನಗಳಲ್ಲಿ ವಿನಿಮಯ ಚಿತ್ರವೇ ಆಳುತ್ತದೆ ಎಂಬುದನ್ನು ಯಾವ ದೊಡ್ಡ ಲೆಕ್ಕವೂ ಇಲ್ಲದೆ ಇಲ್ಲಿಯೇ ಓದಿಕೊಳ್ಳಬಹುದು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ 1989ರಿಂದ 2000ದವರೆಗೆ ನಡೆದ ಲೆಪ್ ವೇಗವರ್ಧಕದಲ್ಲಿ, ಕಿರಣಗಳು ಎಷ್ಟರ ಮಟ್ಟಿಗೆ ಡಿಕ್ಕಿಯಾಗುತ್ತಿವೆ ಎಂಬುದನ್ನು ಅಳೆಯಲು ಕಿರಣಕ್ಕೆ ತೀರ ಹತ್ತಿರದ ಕೋನಗಳಲ್ಲಿ ಭಾಭಾ ಚದುರಿಕೆಯನ್ನೇ ಎಣಿಸುತ್ತಿದ್ದರು. ಅಲ್ಲಿ ಘಟನೆಗಳು ಧಾರಾಳವಾಗಿ ಸಿಗುತ್ತವೆ, ಸಿದ್ಧಾಂತವೂ ಗಟ್ಟಿಯಾಗಿದೆ.

ಕೂಡಿಸಿ, ಆಮೇಲೆ ವರ್ಗ ಮಾಡಿ

ಎರಡು ಚಿತ್ರಗಳ ಆಂಪ್ಲಿಟ್ಯೂಡ್‌ಗಳನ್ನು ಮೊದಲು ಕೂಡಿಸಿ, ಅನಂತರ ವರ್ಗ ಮಾಡಬೇಕು. ಇವೆರಡರ ನಡುವೆ ಸಾಪೇಕ್ಷವಾಗಿ ಒಂದು ಋಣ ಚಿಹ್ನೆಯೂ ಇದೆ. ಎಲೆಕ್ಟ್ರಾನಿನಂತಹ ಫರ್ಮಿಯಾನುಗಳ ಎರಡು ತುದಿಗಳನ್ನು ಅದಲುಬದಲು ಮಾಡಿದಾಗ ಅದು ಬಂದೇ ಬರುತ್ತದೆ. ದ್ರವ್ಯರಾಶಿಯನ್ನು ಬಿಟ್ಟು, ಎರಡೂ ಚಿತ್ರಗಳಿಗೆ ಸಾಮಾನ್ಯವಾದ ಗುಣಕವನ್ನು ಪಕ್ಕಕ್ಕಿಟ್ಟರೆ, 90° ಕೋನದಲ್ಲಿ ವಿನಿಮಯದ ವರ್ಗದಿಂದ 5, ವಿನಾಶದ ವರ್ಗದಿಂದ 0.5, ಅವುಗಳ ಪರಸ್ಪರ ಪದದಿಂದ −1 ಬರುತ್ತದೆ. ಒಟ್ಟು 4.5. ನಿಮಗೆ 5.5 ಬಂದಿದ್ದರೆ ವರ್ಗಗಳನ್ನು ಬೇರೆಬೇರೆಯಾಗಿ ಕೂಡಿಸಿದ್ದೀರಿ ಎಂದು ತಿಳಿಯಬಹುದು. 6.5 ಬಂದಿದ್ದರೆ ಋಣ ಚಿಹ್ನೆ ಕೈತಪ್ಪಿದೆ. ಈ −1 ಇನ್ನೊಂದು ವಿಷಯವನ್ನೂ ಹೇಳುತ್ತದೆ: ‘ಈ ಘಟನೆಯಲ್ಲಿ ನಡೆದದ್ದು ವಿನಿಮಯವೋ ವಿನಾಶವೋ’ ಎಂದು ಕೇಳುವಂತಿಲ್ಲ. ಹೊರಬಂದ ಜೋಡಿಯನ್ನು ಎಷ್ಟು ಪರೀಕ್ಷಿಸಿದರೂ ಅದು ಯಾವ ಚಿತ್ರದಿಂದ ಬಂದಿತೆಂದು ಗುರುತಿಸಲಾಗದು, ಏಕೆಂದರೆ ಚಿತ್ರಗಳು ಒಂದು ಮೊತ್ತದ ಪದಗಳು, ಪರ್ಯಾಯ ಇತಿಹಾಸಗಳ ಛಾಯಾಚಿತ್ರಗಳಲ್ಲ.

ಇಲ್ಲಿಗೆ ಬಂದಿರುವುದು ಮೊದಲ ಅಂದಾಜು ಮಾತ್ರ. ಇನ್ನೊಂದು ಫೋಟಾನ್ ರೇಖೆಯನ್ನು ಒಳಗೆ ಸೇರಿಸಿದರೆ ಶೃಂಗಗಳು ಎರಡು ಹೆಚ್ಚುತ್ತವೆ, ಆಂಪ್ಲಿಟ್ಯೂಡ್ ಸ್ಥೂಲವಾಗಿ 1/137ರ ಗುಣಕದಿಂದ ಕುಗ್ಗುತ್ತದೆ. ಸರಳ ಚಿತ್ರಗಳಿಂದಲೇ ಬಹುಪಾಲು ಉತ್ತರ ದೊರೆಯುವುದು ಆ ಕಾರಣಕ್ಕೆ. ಆ ಸಂಖ್ಯೆ 1ರ ಹತ್ತಿರ ಇದ್ದಿದ್ದರೆ, ಕಡಿಮೆ ಶಕ್ತಿಯ ಕ್ವಾರ್ಕ್‌ಗಳಲ್ಲಿ ಆಗುವಂತೆ, ಈ ವಿಧಾನ ಕೈಕೊಡುತ್ತಿತ್ತು.

ಕೈ ಕುದುರಲು ಇನ್ನೆರಡು ಕ್ರಿಯೆಗಳನ್ನು ಬರೆದು ನೋಡಿ. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಸೇರಿ ಮ್ಯೂಆನ್ ಜೋಡಿಯಾಗುವಾಗ ವಿನಾಶ ಚಿತ್ರ ಮಾತ್ರ ಉಳಿಯುತ್ತದೆ, ಏಕೆಂದರೆ ಫೋಟಾನ್ ಶೃಂಗದಲ್ಲಿ ಎಲೆಕ್ಟ್ರಾನಿನ ರೇಖೆ ಮ್ಯೂಆನಿನ ರೇಖೆಯಾಗಿ ಮುಂದುವರಿಯಲಾರದು. ಎರಡು ಎಲೆಕ್ಟ್ರಾನ್‌ಗಳು ಚದುರುವಾಗ ಮತ್ತೆ ಎರಡು ಚಿತ್ರಗಳು ಸಿಗುತ್ತವೆ, ಆದರೆ ಎರಡೂ ವಿನಿಮಯ ಚಿತ್ರಗಳೇ: ಹೊರಹೋಗುವ ಎಲೆಕ್ಟ್ರಾನ್‌ಗಳಲ್ಲಿ ಯಾವುದು ಯಾವ ರೇಖೆಯ ಮುಂದುವರಿಕೆ ಎಂಬುದರಲ್ಲಷ್ಟೇ ವ್ಯತ್ಯಾಸ. ವಿನಾಶ ಚಿತ್ರ ಅಲ್ಲಿ ಸಾಧ್ಯವೇ ಎಂಬ ಅನುಮಾನ ಬಂದರೆ ಎರಡು ಒಳಬರುವ ಎಲೆಕ್ಟ್ರಾನ್‌ಗಳನ್ನು ಒಂದೇ ಶೃಂಗಕ್ಕೆ ತಂದು ಬಾಣಗಳನ್ನು ಹಾಕಿ. ಎರಡೂ ಶೃಂಗದ ಕಡೆಗೇ ಮುಖ ಮಾಡಿರುತ್ತವೆ.