ಲೋ ಶುಗರ್: ಮೊದಲ ಹದಿನೈದು ನಿಮಿಷ ಸರಿ, ಆಮೇಲಿನ ಒಂದು ಗಂಟೆ?

ದಾವಣಗೆರೆಯ ಆಸ್ಪತ್ರೆಯೊಂದರ ಮೆಡಿಸಿನ್ ವಾರ್ಡಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಲೋ ಶುಗರ್‌ಗೆ ಡೆಕ್ಸ್ಟ್ರೋಸ್ ಹಾಕುವುದು ಯಾವ ಸಿಸ್ಟರ್‌ಗೂ ಹೇಳಿಕೊಡಬೇಕಾದ ವಿಷಯ ಅಲ್ಲ. ನಾನು ಬರೆಯಹೊರಟಿರುವುದು ಹಾಕಿದ ಮೇಲಿನ ಕಥೆ. ಅದರಲ್ಲೇ ನಾನು ಸೋತಿದ್ದು, ಗೆದ್ದಿದ್ದೂ ಅಲ್ಲೇ.

ಸೋತಿದ್ದನ್ನು ಮೊದಲು ಹೇಳುತ್ತೇನೆ. ಐದಾರು ವರ್ಷದ ಹಿಂದೆ, ನೈಟ್ ಡ್ಯೂಟಿ. ಹರಿಹರದ ಕಡೆಯ ಒಬ್ಬ ಅಜ್ಜ, ಗ್ಲಿಮಿಪಿರೈಡ್ ಎಂಬ ಶುಗರ್ ಮಾತ್ರೆ ನುಂಗುತ್ತಿದ್ದವರು, ಕಿಡ್ನಿ ಸ್ವಲ್ಪ ಕೆಟ್ಟಿತ್ತು. ರಾತ್ರಿ ಒಂದು ಗಂಟೆ ಸುಮಾರಿಗೆ ಬೆವೆತು ಒದ್ದೆಯಾಗಿದ್ದರು, ಬೆರಳಿಗೆ ಚುಚ್ಚಿ ನೋಡಿದ ಶುಗರ್, ಅಂದರೆ ಜಿಆರ್‌ಬಿಎಸ್, 40ರ ಆಸುಪಾಸು. 25 ಪರ್ಸೆಂಟ್ ಡೆಕ್ಸ್ಟ್ರೋಸ್ 100 ಎಂಎಲ್ ಹಾಕಿದೆ. ಹದಿನೈದು ನಿಮಿಷಕ್ಕೆ 130 ಬಂತು. ಅಜ್ಜ ಎದ್ದು ಕೂತು ನೀರು ಕೇಳಿದರು. ನಾನು 130 ಅಂತ ಬರೆದು, ಮುಂದಿನ ಚೆಕ್ ಬೆಳಗ್ಗೆ ಆರಕ್ಕೆ ಅಂತ ಇನ್ನೊಂದು ಬೆಡ್ಡಿಗೆ ಹೋದೆ. ಐದು ಗಂಟೆಗೆ ಅವರ ಮಗಳು ಕೂಗಿಕೊಂಡು ಬಂದರು. ಅಜ್ಜನಿಗೆ ಫಿಟ್ಸ್ ಬಂದಿತ್ತು, ಶುಗರ್ 31. ಎರಡು ದಿನ ಐಸಿಯು, ಆಮೇಲೆ ಹುಷಾರಾದರು. ಬಿಲ್ಲು ನೋಡಿ ಆ ಮಗಳು ಕಿವಿಯ ಓಲೆ ಬಿಚ್ಚಿ ಕೈಯಲ್ಲಿ ಹಿಡಿದು ಕಾರಿಡಾರಿನಲ್ಲಿ ಕೂತಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ತಪ್ಪು ಎಲ್ಲಿತ್ತು? ಬಾಟಲಿಯಲ್ಲಿದ್ದ 25 ಗ್ರಾಂ ಗ್ಲೂಕೋಸ್ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಖರ್ಚಾಗಿಬಿಡುತ್ತದೆ. ಗ್ಲಿಮಿಪಿರೈಡ್ ಮಾತ್ರ ಮೈಯಲ್ಲಿ ಸುಮಾರು ಒಂದು ದಿನ ಕೆಲಸ ಮಾಡುತ್ತದೆ, ಕಿಡ್ನಿ ಕೆಟ್ಟವರಲ್ಲಿ ಇನ್ನೂ ಹೆಚ್ಚು. ಮೇಲಾಗಿ ನಾವು ಕೊಟ್ಟ ಗ್ಲೂಕೋಸೇ ಪ್ಯಾಂಕ್ರಿಯಾಸ್‌ಗೆ ಇನ್ನಷ್ಟು ಇನ್ಸುಲಿನ್ ಬಿಡು ಎಂದು ಹೇಳಿದಂತಾಗುತ್ತದೆ. ಹದಿನೈದು ನಿಮಿಷಕ್ಕೆ ಬಂದ ಆ 130 ಬಾಟಲಿಯ ನಂಬರು, ಅಜ್ಜನದಲ್ಲ.

ಆಮೇಲೆ ನಾನು ಒಂದು ಡಬ್ಬಿ ಮಾಡಿದೆ. ಬಿಸ್ಕತ್ತಿನ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ 25 ಪರ್ಸೆಂಟ್ ಡೆಕ್ಸ್ಟ್ರೋಸ್ ಎರಡು ಬಾಟಲಿ, ಸಲೈನ್, ಸಿರಿಂಜು, ಕ್ಯಾನುಲಾ, ಗ್ಲೂಕೋಸ್ ಪುಡಿ, ಒಂದು ಗ್ಲುಕೋಮೀಟರ್, ಒಂದು ಅಡುಗೆಮನೆ ಟೈಮರ್. ಟೈಮರ್ ನನ್ನ ಕೈಯಿಂದ ತಂದಿದ್ದು, ಇನ್ನೂರೈವತ್ತು ರೂಪಾಯಿ ಇರಬೇಕು. ಮೊಬೈಲಿನಲ್ಲಿ ಅಲಾರಾಂ ಇಟ್ಟು ನೋಡಿದ್ದೆ, ಜೇಬಿನಲ್ಲಿ ಸೈಲೆಂಟಾಗಿ ಉಳಿದು ಎರಡು ಸಲ ಮೋಸ ಹೋದೆ. ಟೈಮರನ್ನು ಪೇಷಂಟಿನ ಸಲೈನ್ ಸ್ಟ್ಯಾಂಡಿಗೇ ಕಟ್ಟುತ್ತೇನೆ. ಅದು ಹೊಡೆದುಕೊಂಡರೆ ಇಡೀ ವಾರ್ಡು ಏಳುತ್ತದೆ, ಯಾರಾದರೂ ಒಬ್ಬರು ಬಂದೇ ಬರುತ್ತಾರೆ. ಆ ಡಬ್ಬಿಯಿಂದ ಯಾರೂ ಸಿರಿಂಜು ಎತ್ತಿಕೊಂಡು ಹೋಗದಂತೆ ಒಂದು ಉಪಾಯ ಮಾಡಿದ್ದೇನೆ. ಅದನ್ನು ಇಲ್ಲಿ ಬರೆದರೆ ನಮ್ಮ ವಾರ್ಡಿನವರೂ ಓದಿಬಿಡುತ್ತಾರೆ, ಹಾಗಾಗಿ ಬೇಡ.

ದೊಡ್ಡ ಜಗಳ ಆಗಿದ್ದು ಡಬ್ಬಿಗಲ್ಲ, ಸ್ಟ್ಯಾಂಡಿಂಗ್ ಆರ್ಡರಿಗೆ. 70ರ ಕೆಳಗೆ ಬಂದರೆ ಸಿಸ್ಟರ್ ಮೊದಲು ಶುರು ಮಾಡಬೇಕು, ಫೋನ್ ಆಮೇಲೆ ಅಂತ ನಾನು ಕೇಳಿದೆ. "ಡಾಕ್ಟರ್ ಹೇಳದೆ ನೀವು ಡೆಕ್ಸ್ಟ್ರೋಸ್ ಹಾಕ್ತೀರೇನ್ರೀ?" ಅಂದರು ಒಬ್ಬ ಸರ್. "ರಾತ್ರಿ ನಿಮಗೆ ಫೋನ್ ಹತ್ತೋ ಹೊತ್ತಿಗೆ ಇಪ್ಪತ್ತು ನಿಮಿಷ ಆಗಿರ್ತದ್ರೀ ಸರ್," ಅಂದೆ. ನಮ್ಮ ಹಿರಿಯ ಸಿಸ್ಟರೇ "ಇದೆಲ್ಲ ನಾಕು ದಿನದ ಹುಮ್ಮಸ್ಸು" ಎಂದಿದ್ದರು. ಏಳೆಂಟು ತಿಂಗಳು ಹಿಡಿಯಿತು. ಪ್ರತಿ ಲೋ ಶುಗರ್‌ಗೂ ಗೊತ್ತಾದ ಹೊತ್ತು, ಡೆಕ್ಸ್ಟ್ರೋಸ್ ಹಾಕಿದ ಹೊತ್ತು ಎರಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದೆ. ಕೊನೆಗೆ ನಮ್ಮ ಫಿಜಿಶಿಯನ್ ಒಂದು ಹಾಳೆಗೆ ಸಹಿ ಹಾಕಿಕೊಟ್ಟರು. ಆ ಹಾಳೆ ಇಲ್ಲದೆ ನಾನು ಹೇಳಿದ್ದನ್ನು ಮಾಡಲು ಹೋಗಬೇಡಿ. ನಿಮ್ಮ ಆಸ್ಪತ್ರೆಯ ಆರ್ಡರ್ ನಿಮ್ಮ ಆಸ್ಪತ್ರೆಯದು.

ಅದು ಫಲ ಕೊಟ್ಟ ರಾತ್ರಿ ಹೇಳುತ್ತೇನೆ. ಜಗಳೂರು ಕಡೆಯ ಅಜ್ಜಿ, ಅರವತ್ತೆಂಟರ ವಯಸ್ಸು, ಕಾಲಿಗೆ ಸೆಲ್ಯುಲೈಟಿಸ್. ಕ್ರಿಯಾಟಿನಿನ್ 2.8ರ ಹತ್ತಿರ. ಬೆಳಗ್ಗೆ ಗ್ಲಿಮಿಪಿರೈಡ್ ನುಂಗಿದ್ದರು, ಸಂಜೆಯಿಂದ ವಾಂತಿ, ಊಟ ಮುಟ್ಟಿರಲಿಲ್ಲ. ಎರಡೂವರೆಗೆ ನೋಡಿದರೆ ಮೊಮ್ಮಗನನ್ನು ಯಾರೋ ಎಂದುಕೊಂಡು ಬೈಯುತ್ತ ಕ್ಯಾನುಲಾ ಕೀಳುತ್ತಿದ್ದರು. ಹಣೆ ತಣ್ಣಗೆ, ಬೆವರು. ಜಿಆರ್‌ಬಿಎಸ್ 38. ಪ್ರಜ್ಞೆ ಹೀಗಿದ್ದಾಗ ಬಾಯಿಗೆ ಏನೂ ಹಾಕುವಂತಿಲ್ಲ, ಶ್ವಾಸಕೋಶಕ್ಕೆ ಹೋಗುತ್ತದೆ. ಮೊದಲು 5 ಎಂಎಲ್ ಸಲೈನ್ ಬಿಟ್ಟು ಕ್ಯಾನುಲಾ ಸರಿಯಾಗಿ ಓಡುತ್ತಿದೆಯೇ ನೋಡಿದೆ. 25 ಪರ್ಸೆಂಟ್ ನರದಿಂದ ಹೊರಗೆ ಸೋರಿದರೆ ಚರ್ಮ ಸುಟ್ಟ ಹಾಗೆ ಆಗುತ್ತದೆ. ಪೇಷಂಟ್ ಉರಿ ಅಂದರೆ, ಅಥವಾ ಸೂಜಿಯ ಸುತ್ತ ಉಬ್ಬಿದರೆ ಅಲ್ಲೇ ನಿಲ್ಲಿಸಿ ಬೇರೆ ನರ ಹುಡುಕಬೇಕು. 100 ಎಂಎಲ್ ಸುಮಾರು ಹತ್ತು ನಿಮಿಷದಲ್ಲಿ ಹೋಯಿತು. ಮುಗಿದ ಮೇಲೆ ಸಲೈನ್ ಫ್ಲಶ್, ಟೈಮರ್ ಹದಿನೈದು.

ಹದಿನೈದಕ್ಕೆ 142. ಅಜ್ಜಿ "ನೀನಾ ತಾಯಿ, ಇಲ್ಲಿಗ್ಯಾವಾಗ ಬಂದೆ?" ಅಂದರು. ಮಾತು ನೆಟ್ಟಗಿತ್ತು. ಹಳೆಯ ನಾನಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಈಗ ಟೈಮರನ್ನು ಒಂದು ಗಂಟೆಗೆ ತಿರುಗಿಸಿದೆ. ನುಂಗುವುದು ಸರಿ ಇದೆ ಅಂತ ನೋಡಿಕೊಂಡು ಅರ್ಧ ಲೋಟ ಹಾಲು ಕೊಟ್ಟರೆ ಅದೂ ವಾಂತಿಯಾಯಿತು. ಒಂದು ಗಂಟೆಗೆ 51. ಆಗ ಅಜ್ಜಿ ಬೆವೆತಿರಲಿಲ್ಲ, ನಡುಗುತ್ತಿರಲಿಲ್ಲ, ಸುಮ್ಮನೆ ಮಲಗಿದ್ದರು. ಮುಖ ನೋಡಿ ಹೇಳಲು ಸಾಧ್ಯವೇ ಇರಲಿಲ್ಲ. ಇನ್ನೊಂದು 100 ಎಂಎಲ್ ಹಾಕಿ ಡಾಕ್ಟರಿಗೆ ಫೋನ್ ಮಾಡಿದೆ. ಅವರು 10 ಪರ್ಸೆಂಟ್ ಡೆಕ್ಸ್ಟ್ರೋಸ್ ಗಂಟೆಗೆ 50 ಎಂಎಲ್‌ನಂತೆ ಶುರು ಮಾಡಿಸಿದರು. ಕಿಡ್ನಿಯ ಪೇಷಂಟ್, ನೀರು ತುಂಬಬಾರದೆಂದು ನಿಧಾನ. ಗ್ಲಿಮಿಪಿರೈಡ್ ಬಂದ್. ಪ್ರತಿ ಗಂಟೆಗೆ ಚೆಕ್. ಬೆಳಗ್ಗೆ ಒಮ್ಮೆ ಮತ್ತೆ 66ಕ್ಕೆ ಇಳಿಯಿತು, ಡ್ರಿಪ್ ಹೆಚ್ಚಿಸಿದರು. ಮಾರನೇ ದಿನ ಸಂಜೆಯ ನಂತರವೇ ಡ್ರಿಪ್ ಇಲ್ಲದೆ ನೂರರ ಮೇಲೆ ನಿಂತಿದ್ದು. ಐಸಿಯು ಮುಖ ನೋಡದೆ ಮನೆಗೆ ಹೋದರು. ಆ ವಾರ ಹಿರಿಯ ಸಿಸ್ಟರ್ ತಾವೇ ಬಂದು ಇನ್ನೊಂದು ಡಬ್ಬಿ ಮಾಡಿಸಿಕೊಂಡರು. ನನಗೆ ಹೆಮ್ಮೆ ಇದೆ, ಮುಚ್ಚಿಡುವುದಿಲ್ಲ.

ಮರುಚೆಕ್ಕಿನಲ್ಲಿ ನಾನು ಮೋಸ ಹೋದ ಇನ್ನೊಂದು ಜಾಗ ಬೆರಳು. ಒಬ್ಬಾಕೆಗೆ 58 ಇತ್ತು, ಪ್ರಜ್ಞೆ ಚೆನ್ನಾಗಿತ್ತು, ಗ್ಲೂಕೋಸ್ ನೀರು ಕುಡಿಸಿದೆವು. ಹದಿನೈದು ನಿಮಿಷಕ್ಕೆ 240. ಎಲ್ಲರಿಗೂ ಖುಷಿ. ಆಕೆಯ ಮುಖ ಮಾತ್ರ ಇನ್ನೂ ಬಿಳಿಚಿಕೊಂಡೇ ಇತ್ತು, ಕೈ ನಡುಗುತ್ತಿತ್ತು. ಲೋಟ ಹಿಡಿದಿದ್ದ ಕೈಯ ಬೆರಳಿಗೇ ಚುಚ್ಚಿದ್ದೆವು, ಪುಡಿ ಅಂಟಿತ್ತು. ನೀರಿನಲ್ಲಿ ತೊಳೆದು ಒರೆಸಿ ಇನ್ನೊಂದು ಕೈಗೆ ಚುಚ್ಚಿದರೆ 63. ಸ್ಪಿರಿಟ್ ಹತ್ತಿ ಅಂಟು ಗ್ಲೂಕೋಸನ್ನು ಪೂರ್ತಿ ತೆಗೆಯುವುದಿಲ್ಲ, ನೀರೇ ಬೇಕು. ಹಾಗೆಯೇ ಡೆಕ್ಸ್ಟ್ರೋಸ್ ಓಡುತ್ತಿರುವ ಕೈಯಿಂದ ರಕ್ತ ತೆಗೆಯಬಾರದು. ನಂಬರಿಗೂ ಮುಖಕ್ಕೂ ಹೊಂದದಿದ್ದರೆ ನಾನು ನಂಬರನ್ನು ನಂಬುವುದಿಲ್ಲ.

ಬಾಯಿಗೆ ಕೊಡುವುದರಲ್ಲೂ ಒಂದು ಪ್ರಯೋಗ ಮಾಡಿದೆ. ಒಂದು ಸಲಕ್ಕೆ ಕುಡಿಸುವ 15 ಗ್ರಾಂ ಗ್ಲೂಕೋಸ್ ಪುಡಿ ಅಂದರೆ ಎಷ್ಟು ಚಮಚ? ಒಬ್ಬೊಬ್ಬ ಸಿಸ್ಟರ್ ಒಂದೊಂದು ಹೇಳಿದರು. ಮಂಡಿಪೇಟೆಯಲ್ಲಿ ಪರಿಚಯದ ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿದೆವು. ನಮ್ಮ ವಾರ್ಡಿನ ಚಮಚದಲ್ಲಿ ಮಟ್ಟಸವಾಗಿ ತುಂಬಿದರೆ ನಾಲ್ಕು ಗ್ರಾಂ, ಗೋಪುರ ಮಾಡಿದರೆ ಎಂಟರವರೆಗೂ ಹೋಯಿತು. ಅಂದಿನಿಂದ 15 ಗ್ರಾಂ ತೂಗಿ ಮಾತ್ರೆ ಕವರಿನಲ್ಲಿ ಕಟ್ಟಿಡುತ್ತೇನೆ. ಮಳೆಗಾಲದಲ್ಲಿ ಪುಡಿ ಗಟ್ಟಿಯಾಗುತ್ತದೆ, ತಿಂಗಳಿಗೊಮ್ಮೆ ಬದಲಿಸಬೇಕು. ಗ್ಲೂಕೋಸ್ ಪುಡಿಯೇ ಏಕೆ, ಸಕ್ಕರೆ ಸಾಲದೇ ಎಂದರೆ, ಒಬ್ಬರಿಗೆ ಸಕ್ಕರೆ ನೀರು ಎರಡು ಸಲ ಕೊಟ್ಟರೂ ಶುಗರ್ ಕದಲಲಿಲ್ಲ. ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿದರೆ ವೋಗ್ಲಿಬೋಸ್ ಸೇರಿದ ಮಾತ್ರೆ. ಅದು ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನೇ ತಡೆಯುತ್ತದೆ. ಗ್ಲೂಕೋಸನ್ನು ಒಡೆಯಬೇಕಾದ್ದೇ ಇಲ್ಲ, ಹಾಗಾಗಿ ಅಂಥವರಿಗೆ ಗ್ಲೂಕೋಸೇ ಬೇಕು.

ಶುಗರ್ ಏರಿಸುವ ಇಂಜೆಕ್ಷನ್ ಗ್ಲೂಕಗಾನ್ ಬಗ್ಗೆ ಎರಡು ಮಾತು. ನರ ಸಿಗದೆ, ಪ್ರಜ್ಞೆಯೂ ಇಲ್ಲದಾಗ 1 ಎಂಜಿ ತೊಡೆಗೆ ಐಎಂ. ವಾಂತಿ ಬರಬಹುದು, ಕೊಟ್ಟ ಕೂಡಲೇ ಮಗ್ಗುಲಿಗೆ ತಿರುಗಿಸಿ. ಒಮ್ಮೆ ಮೂರು ದಿನ ಊಟ ಬಿಟ್ಟು ಬರೀ ಕುಡಿದಿದ್ದವರಿಗೆ ಕೊಟ್ಟೆವು. 41 ಇದ್ದದ್ದು ಹದಿನೈದು ನಿಮಿಷಕ್ಕೆ 44. ಔಷಧಿ ಕೆಟ್ಟಿರಲಿಲ್ಲ. ಅದು ಲಿವರಿನಲ್ಲಿ ಕೂಡಿಟ್ಟ ಗ್ಲೂಕೋಸನ್ನು ಹೊರಗೆ ಕಳಿಸುತ್ತದೆ ಅಷ್ಟೇ, ಅವರ ಲಿವರಿನಲ್ಲಿ ಕೂಡಿಟ್ಟಿದ್ದೇ ಇರಲಿಲ್ಲ. ಅಷ್ಟರಲ್ಲಿ ಅರಿವಳಿಕೆಯ ಡಾಕ್ಟರ್ ಬಂದು ಕುತ್ತಿಗೆಯ ನರ ಹಿಡಿದರು, ಡೆಕ್ಸ್ಟ್ರೋಸ್ ಹೋಯಿತು, ಜೊತೆಗೇ ಥಯಾಮಿನ್. ಗ್ಲೂಕಗಾನ್ ಕೊಟ್ಟೆವೆಂದು ನರ ಹುಡುಕುವುದನ್ನು ಬಿಡಬಾರದು ಅಂತ ಅವತ್ತು ಕಲಿತೆ. ದುಡ್ಡಿನ ಮಾತಿಗೆ ಬಂದರೆ, ಒಂದು ಗ್ಲೂಕಗಾನ್ ಕಿಟ್ಟಿನ ಬೆಲೆಗೆ 25 ಪರ್ಸೆಂಟ್ ಡೆಕ್ಸ್ಟ್ರೋಸ್ ಬಾಟಲಿ ಪೆಟ್ಟಿಗೆಗಟ್ಟಲೆ ಬರುತ್ತದೆ. ಮೊದಲ ಎರಡು ವರ್ಷದಲ್ಲಿ ಮೂರು ಕಿಟ್ ಬಳಸದೆಯೇ ಎಕ್ಸ್‌ಪೈರಿ ಆಗಿ, ಸ್ಟೋರಿನವರಿಂದ ಚೆನ್ನಾಗಿ ಬೈಸಿಕೊಂಡೆ. ಈಗ ವಾರ್ಡಿಗೊಂದು ಅಂತ ಇಟ್ಟುಕೊಳ್ಳುವುದಿಲ್ಲ. ಫ್ಲೋರಿಗೊಂದು, ಎಕ್ಸ್‌ಪೈರಿಗೆ ಆರು ತಿಂಗಳು ಇರುವಾಗಲೇ ಎಮರ್ಜೆನ್ಸಿಗೆ ಕಳಿಸಿ ಹೊಸದು ತರಿಸುತ್ತೇವೆ. ಅಲ್ಲಿ ಬಳಕೆ ಜಾಸ್ತಿ.

ಈಗ ನಮ್ಮ ಶೀಟಿನಲ್ಲಿ ಎರಡು ಖಾನೆ ಇವೆ, ಹದಿನೈದು ನಿಮಿಷದ್ದು ಮತ್ತು ಒಂದು ಗಂಟೆಯದ್ದು. 70ರ ಕೆಳಗೇ ಇದ್ದರೆ ಮತ್ತೆ ಡೋಸ್, ಮತ್ತೆ ಹದಿನೈದು. ಏರಿದರೆ ಮತ್ತು ನುಂಗಬಲ್ಲವರಾದರೆ ಇಡ್ಲಿಯೋ ಚಪಾತಿಯೋ ಏನಾದರೂ ಗಟ್ಟಿ ಆಹಾರ. ಗ್ಲಿಮಿಪಿರೈಡ್‌ನಂಥ ಮಾತ್ರೆಯವರಾದರೆ ಮೊದಲ ನಾಲ್ಕು ತಾಸು ಪ್ರತಿ ಗಂಟೆ, ಆಮೇಲೆ ಡಾಕ್ಟರ್ ಹೇಳಿದಂತೆ ಒಂದೆರಡು ದಿನದವರೆಗೆ. ಎರಡನೇ ಖಾನೆ ಖಾಲಿ ಇದ್ದರೆ ಶಿಫ್ಟ್ ಹಸ್ತಾಂತರದಲ್ಲಿ ನಾನು ಶೀಟು ತಗೊಳ್ಳುವುದಿಲ್ಲ. ಹೋದ ತಿಂಗಳು ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಬೆಳಗ್ಗೆ ಎಂಟಕ್ಕೆ ಬ್ಯಾಗ್ ಹೆಗಲಿಗೆ ಹಾಕಿಕೊಂಡವಳು, ಖಾಲಿ ಖಾನೆ ನೋಡಿ ತಾನೇ ವಾಪಸ್ ಹೋಗಿ ಚುಚ್ಚಿ ಬಂದಳು. "ಅಕ್ಕಾ, 59 ಐತಿ," ಅಂದಳು. ಬ್ಯಾಗ್ ಇಳಿಸಿ ಇಬ್ಬರೂ ಡಬ್ಬಿ ತಗೊಂಡು ಬೆಡ್ಡಿಗೆ ಹೋದೆವು.