ಪೇಮೆಂಟ್ ರಿಕ್ವೆಸ್ಟ್‌ಗೆ ಐದೇ ನಿಮಿಷ ಯಾಕೆ? ತಡವಾಗಿ ಒಪ್ಪಿದರೆ ದುಡ್ಡು ಏನಾಗುತ್ತದೆ?

ಬಸ್ ಟಿಕೆಟ್ ಬುಕ್ ಮಾಡುವ ತಾಣದಲ್ಲಿ ಸೀಟು ಆರಿಸಿ, ಯುಪಿಐ ಐಡಿ ಕೊಟ್ಟು ‘ಪೇ’ ಒತ್ತಿದಿರಿ ಎನ್ನೋಣ. ಪರದೆಯಲ್ಲಿ ಐದು ನಿಮಿಷದ ಎಣಿಕೆ ಇಳಿಯತೊಡಗುತ್ತದೆ, ಫೋನಿನ ಯುಪಿಐ ಆ್ಯಪ್‌ಗೆ ಹಣ ಕೇಳುವ ರಿಕ್ವೆಸ್ಟ್ ಬರುತ್ತದೆ. ಇದೇ ಕಲೆಕ್ಟ್ ರಿಕ್ವೆಸ್ಟ್. ಗೆಳೆಯರು, ಪರಿಚಯದವರು ಒಬ್ಬರಿಗೊಬ್ಬರು ಹೀಗೆ ಹಣ ಕೇಳುವುದನ್ನು ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ. ಹಾಗಾಗಿ ಇಲ್ಲಿ ಹೇಳುತ್ತಿರುವುದು ವ್ಯಾಪಾರಿಗಳಿಂದ ಬರುವ ರಿಕ್ವೆಸ್ಟ್ ಬಗ್ಗೆ. ಇದನ್ನೂ ಈಗ ಹಲವು ತಾಣಗಳು ಕೈಬಿಟ್ಟಿವೆ.

ಗಡುವು ಹಾಕುವುದು ನಿಮ್ಮ ಬ್ಯಾಂಕ್ ಅಲ್ಲ, ಹಣ ಕೇಳುವವರು. ರಿಕ್ವೆಸ್ಟ್ ಜೊತೆಗೇ ಅದು ಎಷ್ಟು ನಿಮಿಷ ಬಾಳಬೇಕು ಎಂಬ ಅಂಕಿಯೂ ಹೋಗುತ್ತದೆ. ಯುಪಿಐ ನಿಯಮದಲ್ಲಿ ಅದು 1 ನಿಮಿಷದಿಂದ 64,800 ನಿಮಿಷದವರೆಗೆ, ಅಂದರೆ 45 ದಿನದವರೆಗೂ ಇರಬಹುದು. ಆದರೆ ಟಿಕೆಟ್ ಮಾರುವವರು ಅಷ್ಟು ಕಾಯಲಾರರು. ನೀವು ಒಪ್ಪುವವರೆಗೆ ಆ ಸೀಟನ್ನು ಬೇರೆಯವರಿಗೆ ಕೊಡುವಂತಿಲ್ಲ. ನೀವು ಮನಸ್ಸು ಬದಲಿಸಿದ್ದರೆ ಸೀಟು ಸುಮ್ಮನೆ ಖಾಲಿ ಹೋಗುತ್ತದೆ. ಇನ್ನೊಂದು ಕಾರಣ ನಿಮ್ಮ ಜೇಬಿಗೇ ಸಂಬಂಧಿಸಿದ್ದು. ರಿಕ್ವೆಸ್ಟ್ ಬರಲಿಲ್ಲವೆಂದು ಕಾರ್ಡಿನಲ್ಲಿ ದುಡ್ಡು ಕಟ್ಟಿರುತ್ತೀರಿ, ಸಂಜೆ ಅದೇ ಹಳೆಯ ರಿಕ್ವೆಸ್ಟ್ ಕಣ್ಣಿಗೆ ಬಿದ್ದು ಪಿನ್ ಹಾಕಿಬಿಡುತ್ತೀರಿ. ಗಡುವು ಇಲ್ಲದಿದ್ದರೆ ಒಂದೇ ಟಿಕೆಟ್‌ಗೆ ಎರಡು ಸಲ ದುಡ್ಡು ಹೋಗುತ್ತಿತ್ತು.

ತಡ ಎಂಬುದರಲ್ಲೂ ಮೂರು ಬಗೆಯಿದೆ. ₹900ರ ಟಿಕೆಟ್‌ಗೆ 7:40ಕ್ಕೆ ರಿಕ್ವೆಸ್ಟ್ ಹೊರಟಿದೆ, ಗಡುವು 7:45 ಎಂದಿಟ್ಟುಕೊಳ್ಳಿ.

7:50ಕ್ಕೆ ಆ್ಯಪ್ ತೆರೆದರೆ ವಿಷಯ ಸರಳ. ರಿಕ್ವೆಸ್ಟ್ ‘ಎಕ್ಸ್‌ಪೈರ್ಡ್’ ಎಂದಿರುತ್ತದೆ ಅಥವಾ ಪಟ್ಟಿಯಲ್ಲೇ ಇರುವುದಿಲ್ಲ. ಪಿನ್ ಕೇಳುವುದೇ ಇಲ್ಲ, ದುಡ್ಡೂ ಹೋಗುವುದಿಲ್ಲ.

7:45ಕ್ಕೆ ಎರಡು ಸೆಕೆಂಡ್ ಇರುವಾಗ ಪಿನ್ ಹಾಕಿದಿರಿ, ನೆಟ್‌ವರ್ಕ್ ನಿಧಾನವಿದ್ದು ಒಪ್ಪಿಗೆ ಗಡುವು ದಾಟಿದ ಮೇಲೆ ಎನ್‌ಪಿಸಿಐ ತಲುಪಿತು. ಪಿನ್ ಹಾಕಿದ ಕೂಡಲೇ ದುಡ್ಡು ಹೋಯಿತು ಎಂದು ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ನಿಮ್ಮ ಒಪ್ಪಿಗೆ ಮೊದಲು ಎನ್‌ಪಿಸಿಐಗೆ ಹೋಗುತ್ತದೆ. ಖಾತೆಯಿಂದ ₹900 ತೆಗೆಯಿರಿ ಎಂದು ಅಲ್ಲಿಂದ ನಿಮ್ಮ ಬ್ಯಾಂಕಿಗೆ ಸೂಚನೆ ಹೋದ ಮೇಲೆಯೇ ಡೆಬಿಟ್. ಗಡುವು ಮೀರಿದ್ದರೆ ಆ ಸೂಚನೆ ಹೋಗದೆ ವ್ಯವಹಾರ ಅಲ್ಲೇ ನಿಲ್ಲುತ್ತದೆ. ಬ್ಯಾಂಕಿನವರ ಕಡತದಲ್ಲಿ ಇದಕ್ಕೆ U69 ಎಂಬ ಕೋಡ್ ಇದೆ.

ತಲೆನೋವು ಇರುವುದು ಮೂರನೆಯದರಲ್ಲಿ. 7:44ಕ್ಕೆ ಒಪ್ಪಿದಿರಿ, ₹900 ಕಡಿತವಾದ ಎಸ್‌ಎಂಎಸ್ ಕೂಡ ಬಂತು, ಆದರೆ ‘ಹಣ ಬಂದಿದೆ’ ಎಂಬ ಖಾತ್ರಿ ವ್ಯಾಪಾರಿಗೆ ಸಿಕ್ಕಿದ್ದು 7:48ಕ್ಕೆ. ಅಷ್ಟರಲ್ಲಿ ಅವರ ಕಂಪ್ಯೂಟರ್ ಸೀಟನ್ನು ಬಿಟ್ಟುಕೊಟ್ಟು ‘ಪೇಮೆಂಟ್ ಫೇಲ್’ ಎಂದು ತೋರಿಸಿರುತ್ತದೆ. ನೀವು ತಡಮಾಡಿಲ್ಲ, ತಡವಾದದ್ದು ಸುದ್ದಿ. ಇಂಥ ಹಣವನ್ನು ಸಾಮಾನ್ಯವಾಗಿ ವ್ಯಾಪಾರಿಯ ಪರವಾಗಿ ಹಣ ಪಡೆಯುವ ಪೇಮೆಂಟ್ ಗೇಟ್‌ವೇ ಸಂಸ್ಥೆ ರಿಫಂಡ್ ಮಾಡುತ್ತದೆ. ಸೀಟು ಇನ್ನೂ ಉಳಿದಿದ್ದರೆ ಕೆಲವರು ಟಿಕೆಟ್ಟನ್ನೇ ಕೊಡುವುದೂ ಉಂಟು. ಖಾತೆಯಿಂದ ಹಣ ಹೋಗಿ ವ್ಯಾಪಾರಿಗೆ ಖಾತ್ರಿ ತಲುಪದೇ ಹೋದರೆ, ವ್ಯವಹಾರದ ದಿನದಿಂದ 5 ದಿನದೊಳಗೆ ಅದು ತಾನಾಗಿ ವಾಪಸ್ ಬರಬೇಕು, ತಪ್ಪಿದರೆ ದಿನಕ್ಕೆ ₹100 ಪರಿಹಾರ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ನಿಯಮ.

ಹಾಗಾದರೆ ಮಾಡಬೇಕಾದ್ದೇನು? ‘ಪೇ’ ಒತ್ತಿದ ಮೇಲೆ ನೋಟಿಫಿಕೇಶನ್‌ಗೆ ಕಾಯಬೇಡಿ, ಅದು ಎಷ್ಟೋ ಸಲ ಬರುವುದೇ ಇಲ್ಲ. ನೀವೇ ಆ್ಯಪ್ ತೆರೆದು ಬಾಕಿ ರಿಕ್ವೆಸ್ಟ್‌ಗಳ ಪಟ್ಟಿ ನೋಡಿ. ವ್ಯಾಪಾರಿಯ ಹೆಸರು, ಮೊತ್ತ ಸರಿಯಿದ್ದರೆ ಪಿನ್ ಹಾಕಿ, ಬುಕಿಂಗ್ ಪುಟಕ್ಕೆ ಮರಳಿ. ರಿಫ್ರೆಶ್ ಅಥವಾ ಬ್ಯಾಕ್ ಒತ್ತಬೇಡಿ. ಅರ್ಧ ನಿಮಿಷಕ್ಕಿಂತ ಕಡಿಮೆ ಉಳಿದಿದ್ದರೆ ಆತುರದಲ್ಲಿ ಪಿನ್ ಹಾಕುವುದಕ್ಕಿಂತ ಆ ರಿಕ್ವೆಸ್ಟ್ ತಿರಸ್ಕರಿಸಿ ಹೊಸದು ತರಿಸಿಕೊಳ್ಳುವುದೇ ಮೇಲು.

ಪಿನ್ ಹಾಕಿಯೂ ಟಿಕೆಟ್ ಬರದಿದ್ದರೆ ಕೂಡಲೇ ಇನ್ನೊಮ್ಮೆ ಕಟ್ಟಬೇಡಿ. ಮೊದಲು ಬ್ಯಾಂಕ್ ಖಾತೆಯ ಸ್ಟೇಟ್‌ಮೆಂಟ್ ನೋಡಿ. ಡೆಬಿಟ್ ಇಲ್ಲದೆ, ಆ್ಯಪ್‌ನಲ್ಲೂ ‘ಫೇಲ್’ ಎಂದಿದ್ದರೆ ಹೊಸದಾಗಿ ಬುಕ್ ಮಾಡಬಹುದು. ‘ಪೆಂಡಿಂಗ್’ ಎಂದಿದ್ದರೆ ಸ್ಥಿತಿ ಬದಲಾಗುವವರೆಗೆ ತಡೆಯಿರಿ. ಡೆಬಿಟ್ ಆಗಿದ್ದರೆ ಆ್ಯಪ್‌ನಲ್ಲಿರುವ 12 ಅಂಕಿಯ ಯುಪಿಐ ರೆಫರೆನ್ಸ್ ಸಂಖ್ಯೆ ಬರೆದಿಟ್ಟುಕೊಂಡು ವ್ಯಾಪಾರಿಗೆ ತಿಳಿಸಿ. 5 ದಿನ ದಾಟಿದರೆ ಆ್ಯಪ್‌ನಲ್ಲಿ ಅದೇ ವ್ಯವಹಾರ ತೆರೆದು ದೂರು ದಾಖಲಿಸಿ. ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಉತ್ತರವಿಲ್ಲದಿದ್ದರೆ cms.rbi.org.in ತಾಣದಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಈ ನಡುವೆ ‘ರಿಫಂಡ್ ಕಳಿಸುತ್ತೇವೆ, ಪಿನ್ ಹಾಕಿ’ ಎಂದು ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ರಿಫಂಡ್ ಪಡೆಯಲು ಯಾವತ್ತೂ ಪಿನ್ ಬೇಕಿಲ್ಲ.