ಪುಷ್ಕರಿಣಿಯ ಕಂಬಗಳಿಂದ ಕಬ್ಬಿಣ ಕಿತ್ತ ಕಥೆ

ಅಂಕೋಲಾ ಕಡೆಯ ಹಳೆಯ ದೇವಸ್ಥಾನವೊಂದರ ಪುಷ್ಕರಿಣಿಯ ಕಟಾಂಜನ ಕೆಲಸ ಮುಗಿದು ಎರಡು ಮಳೆಗಾಲ ಕಳೆದಿವೆ. ಹೊಸ ಬಿರುಕು ಒಂದೂ ಇಲ್ಲ, ಕಂದು ನೀರು ಇಳಿದ ಗುರುತೂ ಇಲ್ಲ. ಕಬ್ಬಿಣ ತೆಗೆಯಲು ಹೋದರೆ ಕಲ್ಲೇ ಹೋಗುತ್ತದೆ ಎಂದು ಸಭೆಯಲ್ಲಿ ಎದ್ದು ನಿಂತು ಹೇಳಿದವರೇ ಈಗ ತಮ್ಮೂರಿನ ಕೆಲಸಕ್ಕೆ ಕರೆಯುತ್ತಿದ್ದಾರೆ. ಆದ್ದರಿಂದ ಬರೆದಿಡೋಣ ಎನ್ನಿಸಿತು.

ಕಟಾಂಜನ ಎಂದರೆ ಪುಷ್ಕರಿಣಿಯ ಸುತ್ತ ತಡೆಯಾಗಿ ನಿಲ್ಲಿಸಿದ, ಸುಮಾರು ಮೂರು ಅಡಿ ಎತ್ತರದ ಶಿಲೆಗಲ್ಲಿನ ಕಂಬಗಳು, ಅವುಗಳ ಮೇಲೆ ಉದ್ದನೆಯ ಹಾಸುಗಲ್ಲುಗಳು. ಹಾಸುಗಲ್ಲಿನಿಂದ ಹಾಸುಗಲ್ಲಿಗೆ ಕಬ್ಬಿಣದ ಕೊಂಡಿ, ಕಂಬದ ಬುಡದಲ್ಲಿ ಚೌಕದ ಕಬ್ಬಿಣದ ಗೂಟ. ಎಲ್ಲಕ್ಕೂ ಸೀಸ ಎರೆದಿದ್ದರು. ಸಮುದ್ರ ಅಲ್ಲಿಂದ ಒಂದು ಕಿಲೋಮೀಟರಿಗೂ ಹತ್ತಿರ. ಇಪ್ಪತ್ತರ ಆಸುಪಾಸು ಕಂಬಗಳಲ್ಲಿ ಮೂರರಲ್ಲೊಂದು ಬುಡದಲ್ಲಿ ಸೀಳಿತ್ತು. ನೆಲ ಕುಸಿದಿದೆ ಎಂದು ಒಬ್ಬ ಎಂಜಿನಿಯರ್ ಬರೆದುಕೊಟ್ಟಿದ್ದರು. ನೆಲ ಕುಸಿದರೆ ಬಿರುಕು ಸಂದಿನಿಂದ ಸಂದಿಗೆ ಮೆಟ್ಟಿಲು ಮೆಟ್ಟಿಲಾಗಿ ಓಡುತ್ತದೆ. ಇಲ್ಲಿ ಪ್ರತಿ ಬಿರುಕೂ ಗೂಟ ಇರುವ ಜಾಗದಿಂದ ಹೊರಟು ಹತ್ತಿರದ ಅಂಚಿಗೆ ಓರೆಯಾಗಿ ಹೋಗಿತ್ತು. ಒಡೆದ ಚಕ್ಕೆಯ ಹಿಂಬದಿ ಕಂದು. ಕೆಲವು ಕಂಬಗಳು ಕೂತ ಜಾಗದಿಂದ ಕೂದಲೆಳೆಯಷ್ಟು ಮೇಲಕ್ಕೂ ಎದ್ದಿದ್ದವು. ಕುಸಿಯುವ ನೆಲ ಕಂಬವನ್ನು ಎತ್ತುವುದಿಲ್ಲ.

ತುಕ್ಕು ತಾನು ತಿಂದ ಕಬ್ಬಿಣದ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಮರೆಯುವುದು ಏನೆಂದರೆ, ಕಲ್ಲು ಸೀಳಲು ಎಷ್ಟು ಕಡಿಮೆ ತುಕ್ಕು ಸಾಕು ಎಂಬುದನ್ನು. ಗೂಟದ ಮೈ ಸುತ್ತಲೂ ಕಾಲು ಮಿಲಿಮೀಟರ್ ಸವೆದರೂ, ಮೂರು ಪಟ್ಟಿನ ಲೆಕ್ಕ ಹಿಡಿದರೆ ಸುತ್ತ ಅರ್ಧ ಮಿಲಿಮೀಟರ್ ಹೆಚ್ಚುವರಿ ಜಾಗ ಬೇಕು. ಒತ್ತಡ ಎಷ್ಟೇ ಬಂದರೂ ತಡೆಯುವ ಶಿಲೆ, ಎಳೆತಕ್ಕೆ ಅದರ ಹತ್ತರಲ್ಲೊಂದು ಪಾಲೂ ತಡೆಯುವುದಿಲ್ಲ. ಅಂಚಿಗೆ ಎರಡು ಇಂಚಿನೊಳಗೆ ಗೂಟ ಇದ್ದ ಕಂಬಗಳೆಲ್ಲ ಸೀಳಿದ್ದವು, ನಡುಮಧ್ಯ ಇದ್ದವು ಹೆಚ್ಚಿನವು ಉಳಿದಿದ್ದವು.

ಹಾಗಾದರೆ ಸೀಸ ಏನು ಮಾಡುತ್ತಿತ್ತು? ಎರೆದ ಸೀಸ ಆರಿದಾಗ ಕುಗ್ಗುತ್ತದೆ, ಕಲ್ಲಿಗೂ ಅದಕ್ಕೂ ನಡುವೆ ಎಳೆಯಷ್ಟು ಸಂದು ಬೀಳುತ್ತದೆ. ಹಳೆಯ ಕಲ್ಲುಕುಟಿಗರು ಆರಿದ ಮೇಲೆ ಮೊಂಡು ಉಳಿಯಿಂದ ಬಡಿದು ಅದನ್ನು ಕಲ್ಲಿಗೆ ಕೂರಿಸುತ್ತಿದ್ದರು. ಹಾಗೆ ಬಡಿದು, ಕಬ್ಬಿಣವನ್ನು ಪೂರ್ತಿ ಮುಚ್ಚಿದ ಕೊಂಡಿಗಳು ಇಲ್ಲಿ ಇವತ್ತಿಗೂ ಕಪ್ಪಗೆ ಗಟ್ಟಿಯಾಗಿವೆ. ಅರ್ಧ ತುಂಬಿದ ಕಡೆ ಮಾತ್ರ ಸೀಸವೇ ಶತ್ರು. ಉಪ್ಪುನೀರು ಎರಡನ್ನೂ ಮುಟ್ಟಿದರೆ ಸೀಸ ಉಳಿದುಕೊಂಡು ಕಬ್ಬಿಣವನ್ನು ಬೇಗ ಸವೆಸುತ್ತದೆ. ಗ್ರೀಸಿನ ಪಾರ್ಥೆನಾನ್‌ನಲ್ಲೂ ಪ್ರಾಚೀನರು ಸೀಸದಲ್ಲಿ ಮುಚ್ಚಿದ ಕೊಂಡಿಗಳು ಬಾಳಿದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಲಾನೋಸ್ ಎಂಬ ಎಂಜಿನಿಯರ್ ಸೀಸವಿಲ್ಲದೆ ಹಾಕಿಸಿದ ಕಬ್ಬಿಣ ಅಮೃತಶಿಲೆಯನ್ನು ಒಡೆಯಿತು. ಈಗ ಅಲ್ಲಿ ಟೈಟಾನಿಯಂ ಹಾಕುತ್ತಿದ್ದಾರೆ. ನಮ್ಮ ಮಂಡಳಿಗೆ ಆ ಹೆಸರು ಹೇಳುವ ಧೈರ್ಯ ನನಗಿರಲಿಲ್ಲ.

ನಮ್ಮಲ್ಲೂ ಅದೇ ಕಥೆ. ಎಲ್ಲಕ್ಕಿಂತ ಕೆಟ್ಟು ಸೀಳಿದ್ದು ಹಳೆಯ ಗೂಟದ ಕಂಬಗಳಲ್ಲ, ಮೂವತ್ತು ನಲವತ್ತು ವರ್ಷದ ಹಿಂದೆ ಯಾರೋ ಗುತ್ತಿಗೆದಾರರು ಸಾದಾ ಸರಳು ಇಟ್ಟು ಸಿಮೆಂಟ್ ತುಂಬಿದ ಕಂಬಗಳು. ಆ ಸಿಮೆಂಟಿನ ಚೂರು ಪುಡಿ ಮಾಡಿ, ಶುದ್ಧ ನೀರಿನಲ್ಲಿ ನೆನೆಸಿ ಸೋಸಿ, ಆ ನೀರಿಗೆ ನೈಟ್ರಿಕ್ ಆಮ್ಲ ಹಾಕಿ ಹುಳಿ ಮಾಡಿ ಸಿಲ್ವರ್ ನೈಟ್ರೇಟ್ ಬಿಟ್ಟರೆ ಹಾಲಿನಂತೆ ಬೆಳ್ಳಗಾಯಿತು, ಅಂದರೆ ಒಳಗೆ ಉಪ್ಪಿತ್ತು. ಬೇಲೆಯ, ಅಂದರೆ ಕಡಲತೀರದ ಮರಳನ್ನು ತೊಳೆಯದೇ ಕಲಸಿದ್ದರು.

ತೆಗೆಯುವ ಕೆಲಸಕ್ಕೆ ಬರುತ್ತೇನೆ. ಮೊದಲ ಕಂಬದ ಮೇಲೆ, ಅದು ಹೇಗೂ ಎರಡು ತುಂಡಾಗಿತ್ತು, ಎಲ್ಲರ ಸಲಹೆಯನ್ನೂ ನಡೆಸಿ ನೋಡಿದೆವು. ಗೂಟವನ್ನು ಬಡಿದು ಅಲುಗಾಡಿಸಿದರೆ ಅದು ಬೆಣೆಯ ಕೆಲಸ ಮಾಡಿ ಬಿರುಕು ಇನ್ನೊಂದು ಗೇಣು ಮುಂದಕ್ಕೆ ಹೋಯಿತು. ಗ್ಯಾಸ್ ಬತ್ತಿಯಿಂದ ಸೀಸ ಕರಗಿಸಲು ಹೋದರೆ ಶಿಲೆಯ ಮೈ ಚಕ್ಕೆ ಚಕ್ಕೆಯಾಗಿ ಸಿಡಿಯಿತು. ತುಕ್ಕು ಕಪ್ಪಾಗಿಸುವ ದ್ರಾವಣ ಸುರಿದದ್ದಕ್ಕೆ ಸಾವಿರ ಚಿಲ್ಲರೆ ಹೋಯಿತು. ಮೇಲೆ ಕಪ್ಪಾಯಿತು, ಪದರದ ಅಡಿಯಲ್ಲಿ ಉಪ್ಪು ಹಾಗೆಯೇ ಇತ್ತು.

"ಮೇಸ್ತ್ರಿಗಳೇ, ಸಿಮೆಂಟ್ ಮೆತ್ತಿ ಬಣ್ಣ ಹೊಡೆದುಬಿಡಿ, ಜಾತ್ರೆ ಹತ್ತಿರ ಬಂತು" ಎಂದರು ಮೊಕ್ತೇಸರರು.

"ನಾಯಕರೇ, ಒಂದು ಕಂಬ ನನ್ನ ಖರ್ಚಿನಲ್ಲಿ ತೆಗೆಯುತ್ತೇನೆ. ಒಡೆದರೆ ಹೊಸ ಕಂಬ ನನ್ನದು" ಎಂದೆ.

ಉಪಾಯ ಇಷ್ಟೇ: ಕಬ್ಬಿಣವನ್ನು ಮುಟ್ಟಲೇಬಾರದು, ಅದರ ಸುತ್ತಲಿನ ಕಲ್ಲನ್ನು ಮುಟ್ಟಬೇಕು. ಮುಕ್ಕಾಲಿ ಕಟ್ಟಿ ಚೈನ್ ಪುಲ್ಲಿಯಿಂದ ಕಂಬವನ್ನು ಎತ್ತಿ ಮಲಗಿಸಿದೆವು. ಗೂಟ ಇಪ್ಪತ್ತು ಮಿಲಿಮೀಟರಿನ ಚೌಕ, ತುಕ್ಕು ಸೇರಿ ಮೂಲೆಯಿಂದ ಮೂಲೆಗೆ ಮೂವತ್ತು ದಾಟಿತ್ತು. ಒಳವ್ಯಾಸ ಅದಕ್ಕಿಂತ ದೊಡ್ಡದಿರುವ, ಕೊಳವೆಯಂಥ ವಜ್ರದ ಕೋರ್ ಬಿಟ್ ತಂದು, ಡ್ರಿಲ್ಲಿನ ಹ್ಯಾಮರ್ ಬಂದ್ ಮಾಡಿ, ನೀರು ಬಿಡುತ್ತ ನಿಧಾನವಾಗಿ ಇಳಿಸಿದರೆ ಗೂಟ, ಸೀಸ, ಸುತ್ತಲಿನ ಒಂದಿಷ್ಟು ಕಲ್ಲು ಒಟ್ಟಿಗೆ ದಿಂಡಿನಂತೆ ಬಂದವು. ಬಿಟ್ ಸೀಸಕ್ಕೆ ತಾಗಿದರೆ ಹಲ್ಲು ಕಟ್ಟಿಕೊಂಡು ಕೆಲಸ ಕೆಡುತ್ತದೆ. ಅದನ್ನು ಬಿಡಿಸಲು ನಾನು ಕಂಡುಕೊಂಡ ವಿಧಾನವಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಕೊಂಡಿಗಾದರೆ ಮೊದಲು ನಡುವಿನ ಪಟ್ಟಿಯನ್ನು ತೆಳು ಬ್ಲೇಡಿನಿಂದ ಎರಡಾಗಿ ಕತ್ತರಿಸಬೇಕು. ಎರಡು ಕಲ್ಲುಗಳ ನಡುವಿನ ಬಿಗಿ ಸಡಿಲಾದ ಮೇಲೆಯೇ ಒಂದೊಂದು ಕಾಲಿನ ಸುತ್ತ ಕೊರೆಯಬೇಕು.

ರಂಧ್ರದ ಉಪ್ಪು ತೆಗೆಯಲು ಹತ್ತಿಯನ್ನು ಶುದ್ಧ ನೀರಿನಲ್ಲಿ ನೆನೆಸಿ ತುಂಬಿ, ಒಣಗಲು ಬಿಟ್ಟು ಮತ್ತೆ ಬದಲಿಸಿದೆ. ತೆಗೆದ ಹತ್ತಿಯನ್ನು ಮತ್ತೆ ಶುದ್ಧ ನೀರಿನಲ್ಲಿ ನೆನೆಸಿ ಹಿಂಡಿದ ನೀರು ಸಿಲ್ವರ್ ನೈಟ್ರೇಟಿಗೆ ಬಹುತೇಕ ತಿಳಿಯಾಗಿ ಉಳಿಯುವವರೆಗೆ ಇದು ನಡೆಯಿತು. ಅಲ್ಲಿನ ಬಾವಿಯ ನೀರೇ ಉಪ್ಪು ಎಂದು ಪರೀಕ್ಷೆಯಲ್ಲಿ ಗೊತ್ತಾದದ್ದರಿಂದ ಶಿರಸಿಯಿಂದ ಬರುವಾಗ ಕ್ಯಾನ್‌ಗಳಲ್ಲಿ ನೀರು ತಂದೆ. ಮಂಡಳಿಯವರು ನಕ್ಕರು.

ದೊಡ್ಡ ರಂಧ್ರಕ್ಕೆ ಅದೇ ಜಾತಿಯ ಹಳೆಯ ಕಲ್ಲಿನಿಂದ ಕೊರೆದ ದಿಂಡನ್ನು ಸುಣ್ಣದ ಗಾರೆಯಲ್ಲಿ ಕೂರಿಸಿ, ಅದರ ನಡುವೆ ಹದಿನಾರು ಮಿಲಿಮೀಟರ್ ಕೊರೆದು, ಹನ್ನೆರಡರ 316 ದರ್ಜೆಯ ಸ್ಟೇನ್‌ಲೆಸ್ ಸರಳು ಇಟ್ಟೆ. ಕಡಲಿನ ಗಾಳಿಗೆ 304 ದರ್ಜೆಯದು ಬೇಡ, ಅದನ್ನು ತುಕ್ಕು ಚುಕ್ಕೆ ಚುಕ್ಕೆಯಾಗಿ ಕೊರೆಯುತ್ತದೆ. ಸೀಳಿದ ಚಕ್ಕೆಗಳನ್ನು ಮಾತ್ರ ಸಣ್ಣ ಸ್ಟೇನ್‌ಲೆಸ್ ಕಡ್ಡಿ ಮತ್ತು ಎಪಾಕ್ಸಿಯಿಂದ ಒಳಗಡೆ ಹಿಡಿಸಿ, ಹೊರ ಅಂಚಿಗೆ ಸುಣ್ಣ ತುಂಬಿದೆ. ಅಂಚನ್ನೂ ಎಪಾಕ್ಸಿಯಲ್ಲಿ ಮುಚ್ಚಿದರೆ ಒಳಗಿನ ತೇವ ಹೊರಬರುವುದಿಲ್ಲ.

ಇದರ ನಡುವೆ ಮನೆಯ ತಾರಸಿಯಲ್ಲಿ ಒಂದು ಆಟವೂ ನಡೆದಿತ್ತು. ಒಂದೇ ಜಾತಿಯ ಮೊಳೆಗಳನ್ನು ಸುಣ್ಣ, ಹೊಳೆಮರಳಿನ ಸಿಮೆಂಟ್, ಬೇಲೆಮರಳಿನ ಸಿಮೆಂಟ್ ಮೂರರಲ್ಲೂ ಹೂತು ಒಂದು ಮಳೆಗಾಲ ಬಿಟ್ಟೆ. ಬೇಲೆಮರಳಿನ ಉಂಡೆ ಸೀಳಿತು. ಹೊಳೆಮರಳಿನದು ಗಟ್ಟಿಯಾಗಿತ್ತು, ಒಡೆದು ನೋಡಿದರೆ ಮೊಳೆ ಹೊಳೆಯುತ್ತಿತ್ತು. ಸುಣ್ಣದ್ದರಲ್ಲಿ ಮೇಲುಭಾಗದ ಮೊಳೆಗೆ ಮಾತ್ರ ತುಕ್ಕು. ಗಾಳಿ ತಾಗಿದಷ್ಟು ಸುಣ್ಣ ತನ್ನ ಕ್ಷಾರಗುಣ ಕಳೆದುಕೊಂಡಿತ್ತು, ಅದರಿಂದ ಕಬ್ಬಿಣದ ರಕ್ಷಣೆಯೂ ಹೋಗಿತ್ತು.

ಖರ್ಚು ನೆನಪಿನಿಂದ ಹೇಳುತ್ತೇನೆ. ಒಂದು ಕಂಬಕ್ಕೆ ಸರಳು, ಬಿಟ್‌ಗಳ ಸವೆತ, ಸುಣ್ಣ ಸೇರಿ ಎರಡು ಸಾವಿರದ ಒಳಗೆ ಬಂತು. ಕೂಲಿ ಅದರ ಮೂರು ಪಟ್ಟು, ಎತ್ತಿ ಇಳಿಸುವುದರಲ್ಲೇ ಹೆಚ್ಚು ಹೋಗುತ್ತದೆ. ಹೊಸ ಕಂಬ ಕೆತ್ತಿಸಿದ್ದರೆ ಇದರ ದುಪ್ಪಟ್ಟಿಗೂ ಮೇಲೆ. ಗಟ್ಟಿಯಾಗಿದ್ದ ಕೊಂಡಿಗಳನ್ನು ಮುಟ್ಟಲಿಲ್ಲ. ಸೀಸ ಸಡಿಲಾದ ಕಡೆ ಮೊಂಡು ಉಳಿಯಿಂದ ಮತ್ತೆ ಬಡಿದು ಬಿಟ್ಟೆವು. ಅವುಗಳನ್ನು ಪ್ರತಿ ಮಳೆಗಾಲದ ನಂತರ ತಟ್ಟಿ ನೋಡಲು ಹೇಳಿದ್ದೇನೆ. ಟೊಳ್ಳು ಸದ್ದು ಬಂದರೆ ಬಿರುಕು ಕಾಣುವ ಮೊದಲೇ ನನಗೆ ಫೋನ್ ಮಾಡಬೇಕು. ಕೊನೆಯ ಕಂತಿನ ಹಣ ಮಾತ್ರ ಜಾತ್ರೆ ಕಳೆದ ಮೇಲೆ ಎಂದಿದ್ದಾರೆ.